ಖಾಲಿ ಉತ್ತರಕ್ಕೆ ಸರಾಸರಿ ತುಂಬಿದರೆ ಏನೇನು ಹಾಳಾಗುತ್ತದೆ?

ಸಮೀಕ್ಷೆ ಎಂದ ಮೇಲೆ ಖಾಲಿ ಉತ್ತರಗಳು ಇದ್ದೇ ಇರುತ್ತವೆ. ಆದಾಯ ಕೇಳಿದರೆ ಕೆಲವರು ಹೇಳುವುದಿಲ್ಲ. ಕೆಲವರು ಪ್ರಶ್ನೆಯನ್ನೇ ನೋಡದೆ ಮುಂದೆ ಹೋಗುತ್ತಾರೆ. ಇನ್ನು ಕೆಲವರು ಅರ್ಧಕ್ಕೇ ಸಮೀಕ್ಷೆ ಬಿಟ್ಟುಬಿಡುತ್ತಾರೆ. ವಿಶ್ಲೇಷಣೆಗೆ ಕೂತವರ ಕೈಗೆ ಸಿಗುವುದು ಅಲ್ಲಲ್ಲಿ ತೂತು ಬಿದ್ದ ಒಂದು ಕೋಷ್ಟಕ.

ಆ ತೂತು ಮುಚ್ಚಲು ತುಂಬ ಜನ ಒಂದೇ ದಾರಿ ಹಿಡಿಯುತ್ತಾರೆ. ಉತ್ತರ ಕೊಟ್ಟವರ ಸರಾಸರಿ ತೆಗೆದು, ಖಾಲಿ ಇರುವ ಕಡೆಯಲ್ಲೆಲ್ಲ ಅದನ್ನೇ ತುಂಬಿಬಿಡುವುದು. ಇದಕ್ಕೆ ಮೀನ್ ಇಂಪ್ಯುಟೇಶನ್ ಎನ್ನುತ್ತಾರೆ. ಸಾಫ್ಟ್‌ವೇರ್‌ಗಳಲ್ಲಿ ಇದಕ್ಕೆ ಒಂದು ಕ್ಲಿಕ್ ಸಾಕು. SPSS ನಲ್ಲಿ ರಿಗ್ರೆಶನ್, ಅಂದರೆ ಒಂದು ಉತ್ತರದಿಂದ ಇನ್ನೊಂದನ್ನು ಊಹಿಸುವ ಲೆಕ್ಕ, ಮಾಡುವಾಗ `Replace with mean` ಎಂಬ ಆಯ್ಕೆ ಎದುರಿಗೇ ಇರುತ್ತದೆ. ಪೈಥಾನ್‌ನ scikit-learn ನಲ್ಲಿ `SimpleImputer` ಕರೆದು ಬೇರೇನೂ ಹೇಳದಿದ್ದರೆ ಅದು ಸರಾಸರಿಯನ್ನೇ ತುಂಬುತ್ತದೆ. ತುಂಬಿದ ಮೇಲೆ ಕಾಲಂನ ಸರಾಸರಿ ಒಂದು ಚೂರೂ ಬದಲಾಗುವುದಿಲ್ಲ. ಹಾಗಾಗಿ ಏನೂ ಕೆಟ್ಟಿಲ್ಲ, ಮೊದಲಿದ್ದದ್ದೇ ಉಳಿದಿದೆ ಎಂದು ಅನಿಸುತ್ತದೆ.

ಉಳಿದಿರುವುದು ಸರಾಸರಿ ಮಾತ್ರ. ಉತ್ತರಗಳ ಹರವು ಕುಗ್ಗಿರುತ್ತದೆ. ಒಂದು ಉತ್ತರಕ್ಕೂ ಇನ್ನೊಂದು ಉತ್ತರಕ್ಕೂ ಇದ್ದ ನಂಟು ಸಡಿಲವಾಗಿರುತ್ತದೆ. ನಾವು ಸಮೀಕ್ಷೆ ಮಾಡುವುದು ಸಾಮಾನ್ಯವಾಗಿ ಈ ಎರಡನ್ನು ತಿಳಿಯುವುದಕ್ಕೇ ಅಲ್ವಾ? ಹತ್ತು ಜನರ ಒಂದು ಸಣ್ಣ ಉದಾಹರಣೆ ಇಟ್ಟುಕೊಂಡು, ಈ ಹಾನಿ ಎಲ್ಲಿಂದ ಹುಟ್ಟುತ್ತದೆ ಎಂದು ಲೆಕ್ಕ ಹಾಕಿಯೇ ನೋಡೋಣ.

ಹತ್ತು ಜನ, ನಾಲ್ಕು ಖಾಲಿ ಉತ್ತರ

ಹತ್ತು ಜನರಿಗೆ ಎರಡು ಪ್ರಶ್ನೆ ಕೇಳಿದ್ದೇವೆ ಎಂದುಕೊಳ್ಳಿ. ಕೆಲಸದಲ್ಲಿ ಎಷ್ಟು ವರ್ಷ ಅನುಭವ ಇದೆ? ತಿಂಗಳ ಆದಾಯ ಎಷ್ಟು ಸಾವಿರ? ಮೊದಲನೆಯದಕ್ಕೆ ಎಲ್ಲರೂ ಉತ್ತರಿಸಿದ್ದಾರೆ. ಎರಡನೆಯದನ್ನು ನಾಲ್ಕು ಜನ ಖಾಲಿ ಬಿಟ್ಟಿದ್ದಾರೆ. ಅಂಕಿಗಳೆಲ್ಲ ಲೆಕ್ಕ ತೋರಿಸಲು ನಾನೇ ಕಟ್ಟಿದವು. ಹಾಗಾಗಿ ಆ ನಾಲ್ವರ ನಿಜವಾದ ಆದಾಯವೂ ನಮಗೆ ಗೊತ್ತಿದೆ. ನಿಜವಾದ ಸಮೀಕ್ಷೆಯಲ್ಲಿ ಕೆಳಗಿನ ಕೋಷ್ಟಕದ ಎರಡನೇ ಕಾಲಂ ನಮಗೆ ಯಾವತ್ತೂ ಕಾಣುವುದಿಲ್ಲ.

| ಅನುಭವ (ವರ್ಷ) | ನಿಜವಾದ ಆದಾಯ | ಬಂದ ಉತ್ತರ | ಸರಾಸರಿ ತುಂಬಿದ ಮೇಲೆ |
|---|---|---|---|
| 1 | 22 | ಖಾಲಿ | 35 |
| 2 | 24 | 24 | 24 |
| 3 | 31 | 31 | 31 |
| 4 | 27 | 27 | 27 |
| 5 | 38 | ಖಾಲಿ | 35 |
| 6 | 31 | ಖಾಲಿ | 35 |
| 7 | 43 | 43 | 43 |
| 8 | 38 | 38 | 38 |
| 9 | 47 | 47 | 47 |
| 10 | 49 | ಖಾಲಿ | 35 |

ಉತ್ತರ ಕೊಟ್ಟ ಆರು ಜನರ ಸರಾಸರಿ 35. ಹತ್ತೂ ಜನರ ನಿಜವಾದ ಸರಾಸರಿಯೂ 35. ಇದನ್ನು ಬೇಕೆಂದೇ ಹೀಗೆ ಇಟ್ಟಿದ್ದೇನೆ. ಸರಾಸರಿ ತುಂಬುವ ವಿಧಾನಕ್ಕೆ ಇದಕ್ಕಿಂತ ಅನುಕೂಲದ ಪರಿಸ್ಥಿತಿ ಸಿಗುವುದಿಲ್ಲ. ಖಾಲಿ ಬಿಟ್ಟವರು ಜಾಸ್ತಿ ಆದಾಯದವರೇ ಅಥವಾ ಕಡಿಮೆ ಆದಾಯದವರೇ ಎಂಬ ಓರೆ ಇಲ್ಲಿಲ್ಲ. ತುಂಬಿದ ಅಂಕಿ ಒಟ್ಟು ಗುಂಪಿನ ಮಟ್ಟಕ್ಕೆ ಸರಿಯಾಗಿಯೇ ಇದೆ. ಆದರೂ ಲೆಕ್ಕ ಕೆಡುತ್ತದೆ.

ಮೊದಲು ಹರವು ನೋಡೋಣ. ಹರವನ್ನು ಅಳೆಯಲು ಪ್ರತಿಯೊಬ್ಬರ ಉತ್ತರ ಸರಾಸರಿಯಿಂದ ಎಷ್ಟು ದೂರ ಇದೆ ಎಂದು ತೆಗೆಯುತ್ತೇವೆ. ಆ ದೂರವನ್ನು ವರ್ಗ ಮಾಡಿ, ಎಲ್ಲವನ್ನೂ ಕೂಡಿ, ಜನರ ಸಂಖ್ಯೆಯಲ್ಲಿ ಒಂದು ಕಳೆದು ಭಾಗಿಸುತ್ತೇವೆ. ಹೀಗೆ ಸಿಗುವುದು ವೇರಿಯನ್ಸ್. ಅದರ ವರ್ಗಮೂಲ ಸ್ಟ್ಯಾಂಡರ್ಡ್ ಡೀವಿಯೇಶನ್. ಉತ್ತರ ಕೊಟ್ಟ ಆರು ಜನರ ದೂರಗಳು -11, -4, -8, 8, 3, 12. ಇವುಗಳ ವರ್ಗಗಳ ಮೊತ್ತ 418. ಅದನ್ನು 5ರಿಂದ ಭಾಗಿಸಿದರೆ 83.6, ವರ್ಗಮೂಲ 9.1. ಹತ್ತೂ ಜನರ ನಿಜವಾದ ಅಂಕಿಗಳಿಂದ ಇದೇ ಲೆಕ್ಕ ಮಾಡಿದರೆ 9.5 ಬರುತ್ತದೆ. ಆರೇ ಜನರಿಂದ ಸಿಕ್ಕ ಅಂದಾಜು ಪರವಾಗಿಲ್ಲ, ನಿಜಕ್ಕೆ ಹತ್ತಿರವೇ ಇದೆ.

ಈಗ ನಾಲ್ಕು ಕಡೆ 35 ತುಂಬಿ. ಆ ನಾಲ್ವರೂ ಸರಾಸರಿಯಿಂದ ಎಷ್ಟು ದೂರ? ಸೊನ್ನೆ. ಮೇಲಿನ ಮೊತ್ತ 418 ಇದ್ದಲ್ಲೇ ಇರುತ್ತದೆ. ಭಾಗಿಸುವ ಸಂಖ್ಯೆ ಮಾತ್ರ 5ರಿಂದ 9ಕ್ಕೆ ಏರುತ್ತದೆ. 418ನ್ನು 9ರಿಂದ ಭಾಗಿಸಿದರೆ 46.4, ವರ್ಗಮೂಲ 6.8. ಒಬ್ಬರ ಆದಾಯವೂ ಬದಲಾಗಿಲ್ಲ, ಹೊಸ ಮಾಹಿತಿ ಒಂದೂ ಬಂದಿಲ್ಲ. ಆದರೂ ಜನರ ಆದಾಯದ ನಡುವಿನ ವ್ಯತ್ಯಾಸ ಕಾಲು ಭಾಗಕ್ಕಿಂತ ಜಾಸ್ತಿ ಕುಗ್ಗಿಹೋಯಿತು.

ಇದು ಈ ಹತ್ತು ಅಂಕಿಗಳ ಆಟವಲ್ಲ. ಯಾವ ಸಮೀಕ್ಷೆಯಲ್ಲಾದರೂ ಹೀಗೇ ಆಗಲೇಬೇಕು. ಒಟ್ಟು n ಜನರಲ್ಲಿ r ಜನ ಉತ್ತರಿಸಿದ್ದರೆ, ಸರಾಸರಿ ತುಂಬಿದ ಮೇಲೆ ವೇರಿಯನ್ಸ್ `(r-1)/(n-1)` ಪಟ್ಟು ಆಗುತ್ತದೆ. ದೊಡ್ಡ ಸಮೀಕ್ಷೆಯಲ್ಲಿ ಇದು ಹೆಚ್ಚುಕಡಿಮೆ ಉತ್ತರಿಸಿದವರ ಪಾಲಿಗೆ ಸಮ. ನೂರಕ್ಕೆ 36 ಜನ ಖಾಲಿ ಬಿಟ್ಟಿದ್ದರೆ ವೇರಿಯನ್ಸ್ 0.64 ಪಟ್ಟು, ಸ್ಟ್ಯಾಂಡರ್ಡ್ ಡೀವಿಯೇಶನ್ 0.8 ಪಟ್ಟು. ಜನರ ಸಂಖ್ಯೆ ಎಷ್ಟೇ ಹೆಚ್ಚಿಸಿದರೂ ಈ ದೋಷ ಕರಗುವುದಿಲ್ಲ. ಹತ್ತು ಜನರಲ್ಲಿ ಎಷ್ಟೋ ಹತ್ತು ಲಕ್ಷ ಜನರಲ್ಲೂ ಅಷ್ಟೇ. ಸರಾಸರಿಯ ಬದಲು ನಡುವಿನ ಅಂಕಿ, ಅಂದರೆ ಮೀಡಿಯನ್ ತುಂಬಿದರೂ ಕಥೆ ಅದೇ. ಒಂದೇ ಅಂಕಿಯನ್ನು ಎಲ್ಲರಿಗೂ ಹಚ್ಚುವುದೇ ಇಲ್ಲಿ ತೊಂದರೆಯ ಮೂಲ.

ನಂಟು ಏಕೆ ಸಡಿಲವಾಗುತ್ತದೆ?

ಹರವು ಕುಗ್ಗುವುದು ಎಷ್ಟೋ ಜನಕ್ಕೆ ಗೊತ್ತು. ನಂಟು ಕೆಡುವುದು ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ನನಗೆ ಹೆಚ್ಚು ಕಳವಳ ಅದರ ಬಗ್ಗೆಯೇ. ಏಕೆಂದರೆ ವರದಿಗಳ ತೀರ್ಮಾನಗಳು ನಿಲ್ಲುವುದು ಅದರ ಮೇಲೆ.

ಕೋಷ್ಟಕದ ಮೊದಲ ಸಾಲನ್ನೂ ಕೊನೆಯ ಸಾಲನ್ನೂ ನೋಡಿ. ಒಬ್ಬರಿಗೆ ಒಂದೇ ವರ್ಷದ ಅನುಭವ, ಇನ್ನೊಬ್ಬರಿಗೆ ಹತ್ತು ವರ್ಷ. ನಿಜದಲ್ಲಿ ಒಬ್ಬರ ಆದಾಯ 22, ಇನ್ನೊಬ್ಬರದು 49. ನಾವು ಇಬ್ಬರಿಗೂ 35 ಬರೆದಿದ್ದೇವೆ. ಅಂದರೆ ಆ ನಾಲ್ವರ ಮಟ್ಟಿಗೆ ಅನುಭವಕ್ಕೂ ಆದಾಯಕ್ಕೂ ಯಾವ ಸಂಬಂಧವೂ ಇಲ್ಲ ಎಂದು ನಾವೇ ಬರೆದುಕೊಟ್ಟ ಹಾಗಾಯಿತು. ಆಮೇಲೆ ಕಂಪ್ಯೂಟರ್‌ಗೆ ಸಂಬಂಧ ಎಷ್ಟಿದೆ ಎಂದು ಕೇಳುತ್ತೇವೆ. ನಾವು ಬರೆದದ್ದನ್ನೂ ಸೇರಿಸಿಕೊಂಡೇ ಅದು ಉತ್ತರ ಕೊಡುತ್ತದೆ.

ಲೆಕ್ಕದಲ್ಲಿ ಇದು ಹೀಗೆ ಕಾಣುತ್ತದೆ. ನಂಟು ಎಷ್ಟು ಬಲವಾಗಿದೆ ಎಂದು ಹೇಳುವ ಅಂಕಿ ಕೋರಿಲೇಶನ್. ಅದನ್ನು ತೆಗೆಯಲು ಪ್ರತಿಯೊಬ್ಬರ ಅನುಭವದ ದೂರವನ್ನು ಅವರ ಆದಾಯದ ದೂರದಿಂದ ಗುಣಿಸಿ ಕೂಡಿ, ಆ ಮೊತ್ತವನ್ನು ಎರಡೂ ಕಾಲಂಗಳ ಹರವಿನಿಂದ ಭಾಗಿಸಬೇಕು. ಉತ್ತರಿಸಿದ ಆರು ಜನರಿಂದ ಈ ಮೊತ್ತ 122. ತುಂಬಿದ ನಾಲ್ವರ ಆದಾಯದ ದೂರ ಸೊನ್ನೆಯಾದ್ದರಿಂದ ಅವರ ಗುಣಲಬ್ಧವೂ ಸೊನ್ನೆ. ನಿಜವಾದ ಅಂಕಿಗಳಿದ್ದಿದ್ದರೆ ಆ ನಾಲ್ವರೇ ಇನ್ನೂ 118 ಸೇರಿಸುತ್ತಿದ್ದರು. ಅವರ ಅನುಭವ ಮಾತ್ರ ಪೂರ್ತಿಯಾಗಿ ಲೆಕ್ಕದಲ್ಲಿದೆ. ಒಂದು ಮತ್ತು ಹತ್ತು ವರ್ಷದವರು ಅನುಭವದ ಹರವನ್ನು ಹಿಗ್ಗಿಸುತ್ತಾರೆ, ಆದರೆ ನಂಟಿಗೆ ಏನನ್ನೂ ಕೊಡುವುದಿಲ್ಲ.

ಫಲಿತಾಂಶ ಹೀಗಿದೆ. ನಿಜವಾದ ಹತ್ತು ಜೋಡಿಗಳ ಕೋರಿಲೇಶನ್ 0.93. ಉತ್ತರಿಸಿದ ಆರು ಜನರದ್ದು ಮಾತ್ರ ತೆಗೆದರೆ ಅದೂ 0.93. ಸರಾಸರಿ ತುಂಬಿದ ಮೇಲೆ 0.66. ರಿಗ್ರೆಶನ್ ರೇಖೆಯಲ್ಲಂತೂ ಪೆಟ್ಟು ಇನ್ನೂ ಜೋರು. ಅನುಭವ ಒಂದು ವರ್ಷ ಜಾಸ್ತಿಯಾದರೆ ಆದಾಯ ಎಷ್ಟು ಏರುತ್ತದೆ ಎಂದು ಕೇಳಿದರೆ, ನಿಜವಾದ ಉತ್ತರ 2.9 ಸಾವಿರ. ಆರು ಜನರಿಂದಲೂ 2.9. ತುಂಬಿದ ಕೋಷ್ಟಕದಿಂದ 1.5. ಅರ್ಧ! ಈ ಅಂಕಿ ವರದಿಗೆ ಹೋದರೆ ಅನುಭವಕ್ಕೆ ಸಿಗುವ ಬೆಲೆ ಇರುವುದಕ್ಕಿಂತ ಅರ್ಧ ಎಂದು ಓದುಗರು ನಂಬುತ್ತಾರೆ.

ಇದನ್ನು ನೀವೇ ಪರೀಕ್ಷಿಸಬಹುದು.

```python
import pandas as pd
df = pd.DataFrame({
    "x": [1, 2, 3, 4, 5, 6, 7, 8, 9, 10],
    "y": [None, 24, 31, 27, None, None, 43, 38, 47, None]})
f = df.assign(y=df.y.fillna(df.y.mean()))
print(df.y.std(), f.y.std())
print(df.x.corr(df.y), f.x.corr(f.y))
```

ಮೊದಲ ಸಾಲಿನಲ್ಲಿ 9.143 ಮತ್ತು 6.815, ಎರಡನೆಯದರಲ್ಲಿ 0.926 ಮತ್ತು 0.657 ಕಾಣಬೇಕು. ದಶಮಾಂಶದ ಮುಂದೆ ಇನ್ನಷ್ಟು ಅಂಕಿಗಳು ಬರುತ್ತವೆ, ಅವು ಮುಖ್ಯವಲ್ಲ.

ನಿಜವಾದ ಸಮೀಕ್ಷೆಯಲ್ಲಿ ಒಂದೇ ಕಾಲಂನಲ್ಲಿ ಖಾಲಿ ಇರುವುದು ಅಪರೂಪ. ಎರಡೂ ಪ್ರಶ್ನೆಗಳಲ್ಲಿ ನೂರಕ್ಕೆ 20ರಂತೆ, ಒಂದಕ್ಕೊಂದು ಸಂಬಂಧವಿಲ್ಲದೆ ಉತ್ತರ ತಪ್ಪಿದ್ದರೆ ಏನಾಗುತ್ತದೆ? ಎರಡಕ್ಕೂ ಉತ್ತರ ಕೊಟ್ಟವರು 64 ಜನ ಮಾತ್ರ. ನಂಟಿನ ಮೊತ್ತಕ್ಕೆ ಏನಾದರೂ ಕೊಡುವವರು ಅವರೇ. ಎರಡು ಕಾಲಂಗಳ ಹರವೂ ಕುಗ್ಗಿರುವುದರಿಂದ ಸ್ವಲ್ಪ ಸರಿದೂಗುತ್ತದೆ. ಕೊನೆಗೆ ಕೋರಿಲೇಶನ್ ಸುಮಾರು 0.8 ಪಟ್ಟಿಗೆ ಇಳಿಯುತ್ತದೆ. 0.5 ಇದ್ದದ್ದು 0.4 ಆಗುತ್ತದೆ. ಹತ್ತಾರು ಪ್ರಶ್ನೆಗಳಿರುವ ಸಮೀಕ್ಷೆಯಲ್ಲಿ ಪ್ರತಿ ಪ್ರಶ್ನೆಯ ಖಾಲಿ ಪ್ರಮಾಣ ಬೇರೆ. ಹಾಗಾಗಿ ಪ್ರತಿ ಜೋಡಿಯ ನಂಟೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತದೆ. ಯಾವುದು ಬಲವಾದ ನಂಟು, ಯಾವುದು ದುರ್ಬಲ ಎಂಬ ಕ್ರಮವೇ ತಿರುವುಮುರುವು ಆಗಬಹುದು. ಜನ ಉತ್ತರಿಸಲು ಹಿಂಜರಿಯುವ ಪ್ರಶ್ನೆಗಳು ಮುಖ್ಯವಲ್ಲದ ಪ್ರಶ್ನೆಗಳ ಹಾಗೆ ಕಾಣತೊಡಗುತ್ತವೆ.

ಒಂದು ವಿಚಿತ್ರ, ಮತ್ತು ಅದರ ಹಿಂದಿನ ಬಲೆ

ಕೋಷ್ಟಕವನ್ನು ತಿರುಗಿಸಿ ನೋಡಿ. ಆದಾಯದಿಂದ ಅನುಭವವನ್ನು ಊಹಿಸುವ ರೇಖೆ ಎಳೆದರೆ ಏನಾಗುತ್ತದೆ? ಈಗ 122ನ್ನು ಭಾಗಿಸುವುದು ಆದಾಯದ 418ರಿಂದ. ತುಂಬುವ ಮೊದಲೂ 0.29, ತುಂಬಿದ ಮೇಲೂ 0.29. ಏನೂ ಬದಲಾಗಲಿಲ್ಲ. ಖಾಲಿ ಇರುವ ಕಾಲಂ ಕಾರಣದ ಜಾಗದಲ್ಲಿದ್ದು, ಅದೊಂದೇ ಕಾರಣವಾಗಿದ್ದರೆ, ರೇಖೆಯ ಏರಿಕೆ ಉತ್ತರಿಸಿದವರದ್ದೇ ಆಗಿ ಉಳಿಯುತ್ತದೆ. ಇದನ್ನು ನೋಡಿದ ಕೆಲವರು ಕಾರಣಗಳ ಕಾಲಂಗೆ ಸರಾಸರಿ ತುಂಬಬಹುದು, ತೊಂದರೆಯಿಲ್ಲ ಎಂದು ವಾದಿಸುತ್ತಾರೆ.

ಎರಡನೇ ಕಾರಣವೊಂದು ಮಾದರಿಗೆ, ಅಂದರೆ ರೇಖೆಯ ಲೆಕ್ಕಕ್ಕೆ, ಸೇರಿದ ಕೂಡಲೇ ಈ ವಾದ ಬಿದ್ದುಹೋಗುತ್ತದೆ. ಸಮೀಕ್ಷೆಯಲ್ಲಿ ಮೂರನೇ ಪ್ರಶ್ನೆ ಇದೆ ಎಂದುಕೊಳ್ಳಿ: ಜೀವನದ ಬಗ್ಗೆ ಎಷ್ಟು ತೃಪ್ತಿ ಇದೆ? ಅನುಭವ ಜಾಸ್ತಿಯಾದರೆ ಆದಾಯ ಏರುತ್ತದೆ, ಆದಾಯ ಏರಿದರೆ ತೃಪ್ತಿ ಏರುತ್ತದೆ. ಅನುಭವಕ್ಕೆ ತೃಪ್ತಿಯ ಮೇಲೆ ಬೇರೆ ಯಾವ ನೇರ ಪರಿಣಾಮವೂ ಇಲ್ಲ ಎಂದಿಟ್ಟುಕೊಳ್ಳೋಣ. ಎಲ್ಲರ ಆದಾಯ ಗೊತ್ತಿದ್ದು, ಆದಾಯ ಮತ್ತು ಅನುಭವ ಎರಡನ್ನೂ ಮಾದರಿಗೆ ಹಾಕಿದರೆ ಅನುಭವದ ಪಾಲು ಸೊನ್ನೆಯ ಹತ್ತಿರ ಬರಬೇಕು.

ಆದಾಯದ ಖಾಲಿ ಜಾಗಗಳಿಗೆ ಸರಾಸರಿ ತುಂಬಿದ್ದರೆ ಹಾಗಾಗುವುದಿಲ್ಲ. ಆ ಜನರಲ್ಲಿ ಆದಾಯ ಒಂದೇ ಅಂಕಿ. ಅವರ ನಿಜವಾದ ಆದಾಯದ ಏರಿಳಿತದಿಂದ ಬಂದ ತೃಪ್ತಿಯ ಏರಿಳಿತ ಮಾತ್ರ ಅಂಕಿಗಳಲ್ಲಿ ಹಾಗೇ ಇದೆ. ಅದನ್ನು ವಿವರಿಸಲು ಆದಾಯದ ಕಾಲಂ ಕೈಲಾಗುವುದಿಲ್ಲ. ನಿಜವಾದ ಆದಾಯದ ಜೊತೆ ಸಾಗುವ ಅನುಭವ ಆ ಜಾಗಕ್ಕೆ ಬಂದು ನಿಲ್ಲುತ್ತದೆ. ಆದಾಯವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅನುಭವಕ್ಕೆ ತನ್ನದೇ ಪರಿಣಾಮ ಇದೆ ಎಂಬ ಫಲಿತಾಂಶ ಹೊರಬರುತ್ತದೆ. ಅಂಥ ಪರಿಣಾಮ ಇಲ್ಲವೇ ಇಲ್ಲ. ಆದಾಯವನ್ನು ನಾವು ಅರ್ಧಂಬರ್ಧ ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿದ್ದೇವೆ, ಅಷ್ಟೇ.

ಹಾಗಾಗಿ ಸರಾಸರಿ ತುಂಬುವುದು ನಂಟನ್ನು ಯಾವಾಗಲೂ ಕುಗ್ಗಿಸುತ್ತದೆ, ಅದು ಎಚ್ಚರಿಕೆಯ ಕಡೆಗೇ ತಪ್ಪುತ್ತದೆ ಎಂಬ ಸಮಾಧಾನವೂ ಸರಿಯಲ್ಲ. ಎರಡು ಅಂಶಗಳ ನಡುವೆ ಕುಗ್ಗಿಸುತ್ತದೆ. ಮೂರು ಅಂಶ ಬಂದರೆ ಇಲ್ಲದ ನಂಟನ್ನು ಹುಟ್ಟಿಸಲೂಬಹುದು. ಉತ್ತರ ಖಾಲಿಯೇ ಎಂದು ಹೇಳುವ 0 ಅಥವಾ 1ರ ಹೊಸ ಕಾಲಂ ಸೇರಿಸಿದರೆ ಸರಿಹೋಗುತ್ತದೆ ಎಂದು ಕೆಲವರು ನಂಬುತ್ತಾರೆ. ಆ ಕಾಲಂ ಖಾಲಿ ಬಿಟ್ಟವರ ಮಟ್ಟವನ್ನು ಒಟ್ಟಾಗಿ ಮೇಲೆ ಕೆಳಗೆ ಸರಿಸಬಲ್ಲದು. ಅವರೊಳಗಿನ ಆದಾಯದ ವ್ಯತ್ಯಾಸವನ್ನು ವಾಪಸ್ ತರಲಾರದು. ಅನುಭವದ ಮೇಲೆ ಹೊರಿಸಿದ ತಪ್ಪು ಪಾಲು ಅಲ್ಲೇ ಉಳಿಯುತ್ತದೆ.

ಇಲ್ಲದ ಖಚಿತತೆ

ಸರಾಸರಿಯನ್ನಷ್ಟೇ ವರದಿ ಮಾಡುತ್ತೇವೆ, ನಂಟು ಗಿಂಟು ನಮಗೆ ಬೇಡ ಎನ್ನುವವರಿಗೂ ಒಂದು ಮಾತು. ಸರಾಸರಿಯ ಜೊತೆಗೆ ಅದರ ದೋಷದ ಅಂದಾಜನ್ನೂ ಹೇಳಬೇಕಲ್ಲ? ಅದಕ್ಕೆ ಸ್ಟ್ಯಾಂಡರ್ಡ್ ಎರರ್ ಬೇಕು. ಸ್ಟ್ಯಾಂಡರ್ಡ್ ಡೀವಿಯೇಶನ್ ಅನ್ನು ಜನರ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಅದು ಸಿಗುತ್ತದೆ.

ಆರು ಜನರಿಂದ ಬರುವ ಪ್ರಾಮಾಣಿಕ ಅಂಕಿ 3.7. ಹತ್ತೂ ಜನ ನಿಜವಾಗಿ ಉತ್ತರಿಸಿದ್ದರೆ 3.0 ಆಗುತ್ತಿತ್ತು. ಸರಾಸರಿ ತುಂಬಿದ ಕೋಷ್ಟಕ ಹೇಳುವುದು 2.2. ನಾಲ್ಕು ಉತ್ತರ ಕಳೆದುಕೊಂಡ ಸಮೀಕ್ಷೆ, ಎಲ್ಲ ಉತ್ತರ ಪಡೆದ ಸಮೀಕ್ಷೆಗಿಂತಲೂ ಖಚಿತ ಎಂದು ಹೇಳುತ್ತಿದೆ! ಇಲ್ಲಿ ಎರಡು ತಪ್ಪುಗಳು ಒಂದೇ ದಿಕ್ಕಿಗೆ ಎಳೆಯುತ್ತವೆ. ಮೇಲಿನ ಅಂಕಿ ಕುಗ್ಗಿದೆ, ಕೆಳಗೆ ಇಲ್ಲದ ನಾಲ್ಕು ಜನರನ್ನು ಎಣಿಸಿದ್ದೇವೆ.

ದೊಡ್ಡ ಸಮೀಕ್ಷೆಯಲ್ಲಿ ಈ ಎರಡೂ ಸೇರಿ ಸ್ಟ್ಯಾಂಡರ್ಡ್ ಎರರ್ ಅನ್ನು ಸುಮಾರು `r/n` ಪಟ್ಟಿಗೆ ಇಳಿಸುತ್ತವೆ. ನೂರಕ್ಕೆ 30 ಜನ ಖಾಲಿ ಬಿಟ್ಟಿದ್ದರೆ ಅದು 0.7 ಪಟ್ಟು. ಆಗ ನೂರಕ್ಕೆ 95 ಸಲ ನಿಜವನ್ನು ಒಳಗೊಳ್ಳುತ್ತದೆ ಎಂದು ನಾವು ಬರೆಯುವ ಸರಾಸರಿಯ ಆಚೀಚಿನ ವ್ಯಾಪ್ತಿ, ನಿಜಕ್ಕೂ ಒಳಗೊಳ್ಳುವುದು ಸುಮಾರು 83 ಸಲ ಮಾತ್ರ. ಖಾಲಿ ಬಿಟ್ಟವರಲ್ಲಿ ಯಾವ ಓರೆಯೂ ಇಲ್ಲದ ಒಳ್ಳೆಯ ಪರಿಸ್ಥಿತಿಯಲ್ಲೇ ಇಷ್ಟು. ಸುಮ್ನೆ ಅದೃಷ್ಟದಿಂದ ಕಂಡ ವ್ಯತ್ಯಾಸಗಳು ಮಹತ್ವದ ಫಲಿತಾಂಶದ ಹೆಸರಿನಲ್ಲಿ ಹೊರಬೀಳಲು ಇದು ಧಾರಾಳ ಸಾಕು.

ಗುಂಪುಗಳ ನಡುವಿನ ಅಂತರ

ಇಲ್ಲಿಯವರೆಗೆ ಯಾರು ಖಾಲಿ ಬಿಟ್ಟರು ಎಂಬುದರಲ್ಲಿ ಓರೆ ಇಲ್ಲ ಎಂದುಕೊಂಡೆವು. ನಿಜದಲ್ಲಿ ಓರೆ ಇರುತ್ತದೆ. ಅಂಕಿಅಂಶ ತಜ್ಞ ಡೊನಾಲ್ಡ್ ರೂಬಿನ್ 1976ರಲ್ಲಿ ಇದಕ್ಕೆ ಒಂದು ಚೌಕಟ್ಟು ಕೊಟ್ಟರು. ಇಂದು ಅದನ್ನು ಮೂರು ಬಗೆಯಾಗಿ ಹೇಳುತ್ತಾರೆ. ಉತ್ತರ ತಪ್ಪುವುದು ಯಾವುದಕ್ಕೂ ಸಂಬಂಧಿಸಿಲ್ಲದೆ ಇರಬಹುದು. ನಮಗೆ ಗೊತ್ತಿರುವ ಬೇರೆ ಉತ್ತರಗಳಿಗೆ ಸಂಬಂಧಿಸಿರಬಹುದು. ಅಥವಾ ಹೇಳದೆ ಉಳಿದ ಆ ಅಂಕಿಗೇ ಸಂಬಂಧಿಸಿರಬಹುದು.

ಎರಡನೇ ಬಗೆಯಲ್ಲಿ ಸರಾಸರಿ ತುಂಬಿದರೆ ಏನಾಗುತ್ತದೆ ನೋಡಿ. ಎರಡು ಗುಂಪು, ತಲಾ 100 ಜನ. ಮೊದಲ ಗುಂಪಿನ ಸರಾಸರಿ ಆದಾಯ 30, ಎರಡನೆಯದರದ್ದು 50. ಅಂತರ 20. ಮೊದಲ ಗುಂಪಿನಲ್ಲಿ 10 ಜನ, ಎರಡನೆಯದರಲ್ಲಿ 40 ಜನ ಉತ್ತರಿಸಿಲ್ಲ. ಗುಂಪಿನ ಒಳಗೆ ಯಾವ ಓರೆಯೂ ಇಲ್ಲ. ಹಾಗಾಗಿ ಉತ್ತರಿಸಿದವರ ಸರಾಸರಿಗಳು ಹಾಗೇ 30 ಮತ್ತು 50. ಉತ್ತರಿಸಿದ 150 ಜನರನ್ನು ಒಟ್ಟಿಗೆ ತೆಗೆದರೆ ಸರಾಸರಿ 38. ಅದನ್ನೇ ಎಲ್ಲ ಕಡೆ ತುಂಬಿದರೆ ಮೊದಲ ಗುಂಪು 30.8ಕ್ಕೆ ಏರುತ್ತದೆ, ಎರಡನೆಯದು 45.2ಕ್ಕೆ ಇಳಿಯುತ್ತದೆ. 20 ಇದ್ದ ಅಂತರ 14.4 ಆಯಿತು. ಒಟ್ಟು ಸರಾಸರಿ ಕೂಡ 40ರ ಬದಲು 38.

ತುಂಬದೆ ಬಿಟ್ಟಿದ್ದರೆ ಗುಂಪುಗಳ ಹೋಲಿಕೆ ಸರಿಯಾಗಿಯೇ ಬರುತ್ತಿತ್ತು ಎಂಬುದನ್ನು ಗಮನಿಸಿ. ಅಂತರವನ್ನು ಅಳಿಸಿದ್ದು ನಮ್ಮದೇ ಕೈ. ಅಸಮಾನತೆ ಅಳೆಯಲು ಮಾಡಿದ ಸಮೀಕ್ಷೆಯಲ್ಲಿ ಹೀಗೆ ಮಾಡುವುದು ಗಂಭೀರ ತಪ್ಪು ಎಂದೇ ನನ್ನ ಅಭಿಪ್ರಾಯ. ಪ್ರತಿ ಗುಂಪಿಗೆ ಅದರದೇ ಸರಾಸರಿ ತುಂಬಿದರೆ ಈ ಅಂತರ ಉಳಿಯುತ್ತದೆ. ಗುಂಪಿನ ಒಳಗಿನ ಹರವು ಮಾತ್ರ ಮೊದಲಿನ ಹಾಗೆಯೇ ಕುಗ್ಗುತ್ತದೆ.

ತುಂಬಿದ್ದಾರೆಯೇ ಎಂದು ಕಂಡುಹಿಡಿಯುವುದು

ಬೇರೆಯವರು ಶುಚಿಗೊಳಿಸಿ ಕೊಟ್ಟ ಕೋಷ್ಟಕ ಕೈಗೆ ಬಂದರೆ ಮೊದಲು ಹಿಸ್ಟೋಗ್ರಾಮ್ ಹಾಕಿ. ಸರಾಸರಿ ತುಂಬಿದ ಕಾಲಂನಲ್ಲಿ ಸರಿಯಾಗಿ ನಡುವೆ ಒಂದು ಕಂಬ ಎದ್ದು ನಿಂತಿರುತ್ತದೆ. ಯಾವ ಅಂಕಿ ಎಷ್ಟು ಸಲ ಬಂದಿದೆ ಎಂದು ಎಣಿಸಿದರೆ ಇನ್ನೂ ಸ್ಪಷ್ಟ. ಜನ ಪೂರ್ಣಾಂಕದಲ್ಲಿ ಉತ್ತರಿಸುವ ಪ್ರಶ್ನೆಗೆ 3.4172 ಎಂಬ ಉತ್ತರ ನೂರಾರು ಸಲ ಬಂದಿದ್ದರೆ ಅದನ್ನು ಯಾವ ಮನುಷ್ಯರೂ ಹೇಳಿಲ್ಲ. ಎರಡು ಕಾಲಂಗಳ ಚುಕ್ಕಿಚಿತ್ರದಲ್ಲಿ ಇದೇ ಗುರುತು ಅಡ್ಡಗೆರೆಯಾಗಿ ಕಾಣುತ್ತದೆ. ನಮ್ಮ ಉದಾಹರಣೆಯಲ್ಲಿ 35ರ ಎತ್ತರದಲ್ಲಿ ನಾಲ್ಕು ಚುಕ್ಕಿಗಳು ಸಾಲಾಗಿ ಕೂರುತ್ತವೆ. ಉಳಿದ ಆರು ಚುಕ್ಕಿಗಳು ಮೇಲಕ್ಕೆ ಏರುತ್ತಿರುತ್ತವೆ.

ವರದಿ ಮಾತ್ರ ಸಿಕ್ಕಿದ್ದರೆ ಪ್ರತಿ ಪ್ರಶ್ನೆಗೆ ಉತ್ತರಿಸಿದವರ ಸಂಖ್ಯೆ ನೋಡಿ. ಆದಾಯದಂಥ ಪ್ರಶ್ನೆಗೂ ಒಬ್ಬರೂ ಬಿಡದೆ ಉತ್ತರಿಸಿದ್ದಾರೆ ಎಂದಿದ್ದರೆ ಖಾಲಿ ಉತ್ತರಗಳಿಗೆ ಏನು ಮಾಡಿದಿರಿ ಎಂದು ಕೇಳಲೇಬೇಕು.

ಹಾಗಾದರೆ ಏನು ಮಾಡಬೇಕು?

ಖಾಲಿ ಇರುವುದು ಕಡಿಮೆಯಿದ್ದು, ಅದರಲ್ಲಿ ಓರೆ ಇಲ್ಲ ಎಂದು ನಂಬಲು ಕಾರಣವಿದ್ದರೆ, ಉತ್ತರಿಸಿದವರನ್ನಷ್ಟೇ ಇಟ್ಟುಕೊಂಡು ಲೆಕ್ಕ ಮಾಡುವುದು ಸರಾಸರಿ ತುಂಬುವುದಕ್ಕಿಂತ ಒಳ್ಳೆಯದು. ಜನ ಕಡಿಮೆಯಾಗುತ್ತಾರೆ, ಅಂದಾಜು ಸ್ವಲ್ಪ ಮಸುಕಾಗುತ್ತದೆ. ಆದರೆ ಆ ಮಸುಕು ಸ್ಟ್ಯಾಂಡರ್ಡ್ ಎರರ್‌ನಲ್ಲಿ ಪ್ರಾಮಾಣಿಕವಾಗಿ ಕಾಣುತ್ತದೆ. ಮೇಲೆ 0.93 ಮತ್ತು 2.9 ಸರಿಯಾಗಿ ಸಿಕ್ಕಿದ್ದು ಹೀಗೆಯೇ.

ಪ್ರಶ್ನೆಗಳು ಹತ್ತಾರು ಇದ್ದಾಗ ಇದು ನಡೆಯುವುದಿಲ್ಲ. ಎಲ್ಲಕ್ಕೂ ಉತ್ತರಿಸಿದವರು ಬೆರಳೆಣಿಕೆಯಷ್ಟೇ ಉಳಿಯಬಹುದು. ಆಗ ತುಂಬಲೇಬೇಕು. ಸರಾಸರಿಯ ಬದಲು ಅನುಭವ ನೋಡಿ ಆದಾಯ ಊಹಿಸಿದರೆ? ಆರು ಜನರ ರೇಖೆಯಿಂದ ಆ ನಾಲ್ವರಿಗೆ 21.8, 33.5, 36.5, 48.2 ಬರುತ್ತದೆ. ನಿಜವಾದ 22, 38, 31, 49ಕ್ಕೆ ಹೋಲಿಸಿದರೆ ಇದು ಎಷ್ಟೋ ವಾಸಿ. ಆದರೆ ಕೋರಿಲೇಶನ್ ಈಗ 0.96 ಆಗುತ್ತದೆ, ನಿಜಕ್ಕಿಂತ ಜಾಸ್ತಿ. ತುಂಬಿದ ನಾಲ್ಕು ಚುಕ್ಕಿಗಳೂ ರೇಖೆಯ ಮೇಲೆಯೇ ಕೂತಿವೆ. ನಿಜವಾದ ಜನ ಹಾಗೆ ಕೂರುವುದಿಲ್ಲ, ರೇಖೆಯ ಆಚೀಚೆ ಇರುತ್ತಾರೆ. ಸರಾಸರಿ ತುಂಬಿದಾಗ ನಂಟು ಕಳೆಯಿತು, ರೇಖೆಯಿಂದ ತುಂಬಿದಾಗ ನಂಟು ಉಬ್ಬಿತು. ಎರಡರಲ್ಲೂ ತಪ್ಪಿಹೋದದ್ದು ಆ ಆಚೀಚೆಯೇ.

ಹಾಗಾಗಿ ಊಹೆಯ ಜೊತೆಗೆ ಆ ಏರಿಳಿತವನ್ನೂ ವಾಪಸ್ ಸೇರಿಸಬೇಕು. ನಮ್ಮ ಆರು ಜನ ರೇಖೆಯಿಂದ ಸುಮಾರು 3.9 ಸಾವಿರದಷ್ಟು ಆಚೀಚೆ ಇದ್ದಾರೆ. ಹತ್ತು ವರ್ಷ ಅನುಭವದವರಿಗೆ ಬರೀ 48.2 ಬರೆಯುವ ಬದಲು, ಅಷ್ಟು ಹರವಿನಿಂದ ಚೀಟಿ ಎತ್ತಿದ ಹಾಗೆ ಒಂದು ಅಂಕಿ ತೆಗೆದು ಸೇರಿಸುತ್ತೇವೆ. ಒಮ್ಮೆ 51 ಬರಬಹುದು, ಇನ್ನೊಮ್ಮೆ 45. ಆರು ಚುಕ್ಕಿಗಳಿಂದ ಎಳೆದ ರೇಖೆಯೇ ಅಷ್ಟು ಗಟ್ಟಿಯಲ್ಲ. ಹಾಗಾಗಿ ಪ್ರತಿ ಸಲ ರೇಖೆಯನ್ನೂ ಸ್ವಲ್ಪ ಅಲುಗಿಸಿ ತೆಗೆಯಬೇಕು.

ಇದನ್ನು ಒಮ್ಮೆ ಮಾಡಿ ಬಿಟ್ಟರೆ ತುಂಬಿದ ಅಂಕಿಗಳನ್ನು ಮತ್ತೆ ನಿಜವೆಂದೇ ಎಣಿಸಿದಂತಾಗುತ್ತದೆ. ಆದ್ದರಿಂದ ಐದು, ಹತ್ತು, ಇಪ್ಪತ್ತು ಸಲ ತುಂಬಿ ಅಷ್ಟು ಕೋಷ್ಟಕ ಮಾಡುತ್ತಾರೆ. ಪ್ರತಿಯೊಂದರಲ್ಲೂ ಬೇಕಾದ ಲೆಕ್ಕ ಮಾಡಿ ಕೊನೆಗೆ ಉತ್ತರಗಳನ್ನು ಸೇರಿಸುತ್ತಾರೆ. ಇದು ರೂಬಿನ್ ಬೆಳೆಸಿದ ಮಲ್ಟಿಪಲ್ ಇಂಪ್ಯುಟೇಶನ್. 1987ರ ಅವರ ಪುಸ್ತಕದಲ್ಲಿ ಇದರ ನಿಯಮಗಳಿವೆ. ಅಂದಾಜಿಗೆ ಎಲ್ಲ ಕೋಷ್ಟಕಗಳ ಉತ್ತರದ ಸರಾಸರಿ. ಅನಿಶ್ಚಿತತೆಗೆ ಎರಡು ಭಾಗ. ಒಂದು, ಪ್ರತಿ ಕೋಷ್ಟಕದ ಒಳಗಿನ ವೇರಿಯನ್ಸ್. ಇನ್ನೊಂದು, ಕೋಷ್ಟಕದಿಂದ ಕೋಷ್ಟಕಕ್ಕೆ ಉತ್ತರ ಎಷ್ಟು ಬದಲಾಯಿತು ಎಂಬುದು. m ಕೋಷ್ಟಕಗಳಿದ್ದರೆ ಒಟ್ಟು ವೇರಿಯನ್ಸ್ `W + (1 + 1/m) * B`. ಇಲ್ಲಿ `W` ಒಳಗಿನದ್ದು, `B` ನಡುವಿನದ್ದು. ಖಾಲಿ ಉತ್ತರದಿಂದ ನಮಗೆ ಏನು ಗೊತ್ತಿಲ್ಲವೋ ಅದು `B` ಆಗಿ ಲೆಕ್ಕಕ್ಕೆ ಬರುತ್ತದೆ. ಸರಾಸರಿ ತುಂಬಿದಾಗ ಎಷ್ಟು ಸಲ ತುಂಬಿದರೂ ಅದೇ ಅಂಕಿ, ಹಾಗಾಗಿ `B` ಸೊನ್ನೆ.

R ಭಾಷೆಯ `mice` ಪ್ಯಾಕೇಜ್ ಇದಕ್ಕೆ ಹೆಚ್ಚು ಬಳಕೆಯಲ್ಲಿದೆ. ನಾವೇನೂ ಹೇಳದಿದ್ದರೆ ಅದು ಐದು ಕೋಷ್ಟಕ ಮಾಡುತ್ತದೆ. ಅಂಕಿಗಳ ಕಾಲಂಗೆ `pmm` ಎಂಬ ವಿಧಾನ ಬಳಸುತ್ತದೆ. ಊಹೆ ಯಾರಿಗೆ ಹತ್ತಿರ ಬರುತ್ತದೋ ಅಂಥ ಕೆಲವರನ್ನು ಉತ್ತರಿಸಿದವರಲ್ಲಿ ಹುಡುಕಿ, ಅವರಲ್ಲೊಬ್ಬರ ನಿಜವಾದ ಉತ್ತರವನ್ನು ಎರವಲು ತರುವುದು ಇದರ ಕ್ರಮ. ಆದಾಯ ಮೈನಸ್ ಆಗುವಂಥ ಅಸಂಬದ್ಧ ಅಂಕಿ ಇದರಲ್ಲಿ ಬರುವುದಿಲ್ಲ. ಆದರೆ ನಮ್ಮ ಕೋಷ್ಟಕದಷ್ಟು ಚಿಕ್ಕದರಲ್ಲಿ ಇದೂ ಸೋಲುತ್ತದೆ. ಹತ್ತು ವರ್ಷದವರಿಗೆ ಎರವಲು ಸಿಗುವುದು ಹೆಚ್ಚೆಂದರೆ 47, ಅದಕ್ಕಿಂತ ಮೇಲಿನ ಉತ್ತರ ಯಾರೂ ಕೊಟ್ಟಿಲ್ಲ.

ಇಲ್ಲಿ ಆಗಾಗ ಆಗುವ ಒಂದು ತಪ್ಪಿದೆ. ಆಮೇಲೆ ಯಾವ ನಂಟನ್ನು ಅಳೆಯಬೇಕೋ ಆ ಅಂಶಗಳೆಲ್ಲ ತುಂಬುವ ಮಾದರಿಯಲ್ಲೂ ಇರಬೇಕು. ಆದಾಯ ತೃಪ್ತಿಯನ್ನು ಹೇಗೆ ಬದಲಿಸುತ್ತದೆ ಎಂದು ನೋಡುವುದಿದ್ದರೆ, ಆದಾಯ ತುಂಬುವಾಗ ತೃಪ್ತಿಯ ಉತ್ತರವನ್ನೂ ಬಳಸಬೇಕು. ಮೋಸ ಮಾಡಿದ ಹಾಗೆ ಆಗುತ್ತದೆ ಎಂದು ಅದನ್ನು ಹೊರಗಿಡುವವರಿದ್ದಾರೆ. ಹೊರಗಿಟ್ಟರೆ ತುಂಬಿದ ಆದಾಯಗಳಿಗೆ ತೃಪ್ತಿಯ ಜೊತೆ ಇರಬೇಕಾದಷ್ಟು ನಂಟು ಇರುವುದಿಲ್ಲ. ಸರಾಸರಿ ತುಂಬಿದಾಗ ಆದ ಹಾನಿಯೇ ಚಿಕ್ಕ ಪ್ರಮಾಣದಲ್ಲಿ ಮತ್ತೆ ಆಗುತ್ತದೆ.

ಉಳಿಯುವುದು ಮೂರನೇ ಬಗೆ. ಆದಾಯ ಜಾಸ್ತಿ ಇರುವುದೇ ಅದನ್ನು ಹೇಳದಿರಲು ಕಾರಣವಾಗಿದ್ದರೆ, ಬಂದ ಉತ್ತರಗಳಿಂದ ಮಾತ್ರ ಅದನ್ನು ಸರಿಪಡಿಸಲು ಯಾವ ವಿಧಾನಕ್ಕೂ ಆಗುವುದಿಲ್ಲ. ಅದಕ್ಕೆ ಬೇಕಾದ ಅಂಕಿಗಳೇ ಕೋಷ್ಟಕದಲ್ಲಿಲ್ಲ. ಅಂಥ ಅನುಮಾನ ಇದ್ದಾಗ ತಿಳಿದವರು ತುಂಬಿದ ಆದಾಯಗಳನ್ನೆಲ್ಲ ಮೊದಲು ನೂರಕ್ಕೆ 10ರಷ್ಟು, ಆಮೇಲೆ 20, 30ರಷ್ಟು ಹೆಚ್ಚಿಸಿ ಪ್ರತಿ ಸಲ ಪೂರ್ತಿ ವಿಶ್ಲೇಷಣೆ ಮಾಡುತ್ತಾರೆ. ತೀರ್ಮಾನ ಯಾವ ಹಂತದಲ್ಲಿ ಬದಲಾಯಿತು ಎಂದು ವರದಿಯಲ್ಲಿ ಬರೆಯುತ್ತಾರೆ. 10ರಲ್ಲೇ ಬದಲಾಗುವ ತೀರ್ಮಾನ ಒಂದು ಬಗೆಯದು, 30ರಲ್ಲೂ ನಿಲ್ಲುವ ತೀರ್ಮಾನ ಇನ್ನೊಂದು ಬಗೆಯದು. ಖಾಲಿ ಬಿಟ್ಟವರ ಆದಾಯ ಅಷ್ಟು ಜಾಸ್ತಿ ಇರುವುದು ಸಾಧ್ಯವೇ ಎಂಬುದನ್ನು ಮಾತ್ರ ಆ ಜನರನ್ನೂ ಆ ಕ್ಷೇತ್ರವನ್ನೂ ಬಲ್ಲವರೇ ಹೇಳಬೇಕು.